ತತ್ತಿಯ ಬಿಳಿಯನ್ನು ಕಡೆಯುವುದೋ, ಬಡಿಯುವುದೋ?

ಬಳ್ಳಾರಿಯಿಂದ ಪ್ರಶ್ನೆ:
ಬೇಕರಿ ಕೆಲಸ ಕಲಿಯುವವರಿಗೆ ಒಂದು ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ನಾಲ್ಕು ತತ್ತಿಯ ಬಿಳಿಯನ್ನು ಚೆನ್ನಾಗಿ ಕಡೆಯಿರಿ, ಜಿಡ್ಡು ಸೋಕಬಾರದು’ ಎಂದಿದೆ. ಕಡೆಯುವುದು ಬೆಣ್ಣೆ ತೆಗೆಯುವ ಕೆಲಸದ ಮಾತು, ಇಲ್ಲಿ ಹೊಂದುತ್ತದೆಯೇ? ಜಿಡ್ಡು ಯಾಕೆ ಸೋಕಬಾರದು ಅನ್ನುವುದನ್ನೂ ಒಂದೆರಡು ಸಾಲಿನಲ್ಲಿ ಹೇಳಬೇಕು.

ಕೊಪ್ಪಳದಿಂದ:
ನಮ್ಮ ಕಡೆ ‘ಗೊಟಾಯಿಸು’ ಅಂತಾರ, ಅದನ್ನೇ ಹಾಕ್ರಿ. ಕಾರಣ ಸರಳ ಐತಿ. ಎಣ್ಣಿ ಭಾರ, ನೊರೆಯನ್ನ ಕೆಳಗ ಎಳೀತದ. ಹಂಗಾಗಿ ಹಳದಿ ಬಿದ್ದರೂ ಕೆಡ್ತದ.

ಗಂಗಾವತಿಯಿಂದ:
ಹಳದಿ ಬಿದ್ದರೆ ಕೆಡುತ್ತದೆ ಅನ್ನುವುದು ನಿಜ ಸರ್, ಆದರೆ ಕಾರಣ ಭಾರವಲ್ಲ. ಎಣ್ಣೆ ನೀರಿಗಿಂತ ಹಗುರ. ಬಿಳಿಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರು, ಉಳಿದದ್ದು ಹೆಚ್ಚಾಗಿ ಪ್ರೋಟೀನು. ಬಡಿದಾಗ ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನು ಬಿಚ್ಚಿಕೊಂಡು ಗಾಳಿಗುಳ್ಳೆಯ ಮೈಮೇಲೆ ಸೇರುತ್ತದೆ, ಒಂದಕ್ಕೊಂದು ಕೈ ಹಿಡಿದು ಪೊರೆ ಕಟ್ಟುತ್ತದೆ. ಜಿಡ್ಡೂ ಅದೇ ಜಾಗಕ್ಕೆ ಓಡಿಬರುತ್ತದೆ. ಜಾಗ ಹಿಡಿಯುತ್ತದೆ, ಆದರೆ ಪೊರೆ ಕಟ್ಟುವುದಿಲ್ಲ. ಗುಳ್ಳೆ ಅಲ್ಲೇ ಒಡೆಯುತ್ತದೆ. ಹಾಗಾಗಿ ಒಂದು ಹನಿ ಹಳದಿಗೂ ನೊರೆ ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು.

ಕೆಟ್ಟದ್ದು ನೋಡಿದರೆ ಗೊತ್ತಾಗುತ್ತದೆ. ಎಷ್ಟು ಹೊತ್ತು ಬಡಿದರೂ ದೊಡ್ಡ ದೊಡ್ಡ ಗುಳ್ಳೆ, ತಳದಲ್ಲಿ ನೀರು, ಬೀಟರ್ ಎತ್ತಿದರೆ ಜಾರಿ ಬೀಳುತ್ತದೆ. ಹೀಗಾದ ಬಿಳಿಯನ್ನು ಸರಿಪಡಿಸಲು ಹೋಗಬೇಡಿ, ಆಮ್ಲೆಟ್‌ಗೆ ಹಾಕಿ ಬೇರೆ ತತ್ತಿ ಒಡೆಯಿರಿ.

ಕೈಪಿಡಿಗೆ ಬೇಕಾದ್ದು ಇಷ್ಟು. ಪ್ಲಾಸ್ಟಿಕ್ ಡಬ್ಬಿ ಬೇಡ. ತೊಳೆದರೂ ಡಾಲ್ಡಾದ ಪದರ ಅದರ ಮೈಗೆ ಅಂಟಿಕೊಂಡಿರುತ್ತದೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ, ಬೀಟರ್‌ಗೂ ಸೇರಿ, ನಿಂಬೆಹೋಳು ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ತತ್ತಿ ಫ್ರಿಜ್‌ನಿಂದ ತೆಗೆದಾಗಲೇ ಬಿಳಿ-ಹಳದಿ ಬೇರೆ ಮಾಡಿ, ತಣ್ಣಗಿದ್ದರೆ ಹಳದಿ ಒಡೆಯುವುದು ಕಡಿಮೆ. ಒಂದೊಂದನ್ನೂ ಮೊದಲು ಚಿಕ್ಕ ಬಟ್ಟಲಿಗೆ ಒಡೆದು, ಆಮೇಲೆ ದೊಡ್ಡದಕ್ಕೆ ಸುರಿಯಿರಿ. ಇಲ್ಲವಾದರೆ ನಾಲ್ಕನೆಯದರ ಹಳದಿ ಒಡೆದು ಮೊದಲ ಮೂರೂ ಹಾಳು. ಬಿಳಿ ಕೋಣೆಯ ಬಿಸಿಗೆ ಬಂದ ಮೇಲೆ ನಿಧಾನಕ್ಕೆ ಶುರು ಮಾಡಿ. ನೊರೆ ಎದ್ದಾಗ ಒಂದು ಬಿಳಿಗೆ ಅರ್ಧ ಟೀ ಚಮಚದಂತೆ ನಿಂಬೆರಸ ಹಾಕಿ. ತುದಿ ಬಾಗುವ ಹಂತಕ್ಕೆ ಬಂದ ಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಿ. ತುದಿ ಬಾಗದೆ ನಿಂತು, ಮೈ ಹೊಳೆಯುತ್ತಿದ್ದರೆ ನಿಲ್ಲಿಸಿ. ಹೊಳಪು ಹೋಗಿ ಹತ್ತಿಯಂತೆ ಉಂಡೆಯಾಗಿ ನೀರು ಬಿಟ್ಟರೆ ಅತಿಯಾಯಿತು.

ಸಿಂಧನೂರಿನಿಂದ:
ನನ್ನ ಕೇಕ್ ನಡುವೆ ಕುಸೀತದ್ರಿ, ಬೇಕಿಂಗ್ ಪೌಡರ್ ಕಮ್ಮಿ ಆತೇನು? ನಾ ಹಳದಿ ತೆಗೆಯೋದೇ ಇಲ್ಲ, ಇಡೀ ತತ್ತಿ ಸಕ್ಕರಿ ಜೊತಿ ಬಡೀತೀನಿ, ಉಬ್ಬೋದು ಚಲೋ ಉಬ್ಬತದ. ಜಿಡ್ಡು ಶತ್ರು ಅಂದಮ್ಯಾಲ ಇದು ಹೆಂಗ?

ಗಂಗಾವತಿಯಿಂದ:
ಮೇಡಂ, ಕುಸಿಯುವುದು ಬೇರೆ ವಿಷಯ, ಒಲೆಯ ಬಿಸಿ ತಿಳಿಯದೆ ಹೇಳಲಾಗದು. ಇಡೀ ತತ್ತಿಯ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆ. ಹಳದಿಯಲ್ಲಿ ಮೂರನೇ ಒಂದು ಭಾಗದಷ್ಟು ಕೊಬ್ಬಿದೆ, ಆದರೆ ಬಹುಪಾಲು ಪ್ರೋಟೀನಿನ ಜೊತೆ ಕಟ್ಟಿಕೊಂಡ ಸಣ್ಣ ಕಣಗಳಾಗಿರುತ್ತದೆ. ಸಕ್ಕರೆ ದ್ರವವನ್ನು ದಪ್ಪ ಮಾಡುತ್ತದೆ. ಬಿಸಿನೀರಿನ ಮೇಲಿಟ್ಟು 40 ಡಿಗ್ರಿಗೆ ಬೆಚ್ಚಗೆ ಮಾಡಿ ಬಡಿದರೆ ಗಾಳಿ ನಿಲ್ಲುತ್ತದೆ. ಎತ್ತಿದರೆ ರಿಬ್ಬನ್ ಹಾಗೆ ಬೀಳುತ್ತದೆ, ಆದರೆ ತುದಿ ನಿಲ್ಲುವ ಮಟ್ಟಕ್ಕೆ ಎಂದೂ ಬರುವುದಿಲ್ಲ. ಬರಿ ಬಿಳಿಯ ನೊರೆ ಬೇಕಾದರೆ ಹಳದಿಯನ್ನು ಎಣ್ಣೆ, ಹಿಟ್ಟಿನ ಕಡೆಗೆ ಕಳಿಸಿ. ಅಲ್ಲಿ ಅದು ಎಣ್ಣೆಯನ್ನೂ ನೀರನ್ನೂ ಒಂದಾಗಿಸುತ್ತದೆ, ಕೇಕ್ ಮೆತ್ತಗಾಗುತ್ತದೆ. ಬಿಳಿ ಮಾತ್ರ ಹಾಕಿದ್ದು ಬೇಗ ಒಣಗುತ್ತದೆ. ಕೊನೆಗೆ ನೊರೆಯ ಮೂರನೇ ಒಂದು ಭಾಗವನ್ನು ಹಿಟ್ಟಿಗೆ ಹಾಕಿ ಸಡಿಲ ಮಾಡಿ, ಉಳಿದದ್ದನ್ನು ತಳದಿಂದ ಮೇಲಕ್ಕೆ ಮಗುಚಿ ಬೆರೆಸಿ, ಕೂಡಲೇ ಒಲೆಗಿಡಿ. ಪೊರೆ ಆಗಲೇ ಕಟ್ಟಿರುವುದರಿಂದ ಅಷ್ಟು ಹೊತ್ತು ಎಣ್ಣೆಯನ್ನು ತಾಳಿಕೊಳ್ಳುತ್ತದೆ.

ಪದದ ವಿಷಯಕ್ಕೆ ಬಂದರೆ, ಕಡೆದಾಗ ಜಿಡ್ಡು ಒಂದುಗೂಡುತ್ತದೆ, ಇಲ್ಲಿ ಜಿಡ್ಡೇ ಇರಬಾರದು. ‘ನೊರೆಗಟ್ಟುವಂತೆ ಬಡಿಯಿರಿ’ ಎಂದರೆ ಕೈಯ ಕೆಲಸವೂ ಫಲವೂ ಎರಡೂ ತಿಳಿಯುತ್ತವೆ.

ಕೊಪ್ಪಳದಿಂದ:
ಭಾರದ ಮಾತು ವಾಪಸ್ ತಗೋತೀನಿ. ಆದರ ‘ಬಡಿ’ ಅಂದರ ಹುಡುಗರು ಜೋರಾಗಿ ಶುರು ಮಾಡ್ತಾರ, ನೀವೇ ನಿಧಾನ ಅಂತೀರಿ. ‘ಗೊಟಾಯಿಸು’ ಅದಕ್ಕ ಚಲೋ ಅನಸ್ತದ.

ಬಳ್ಳಾರಿಯಿಂದ:
ಸದ್ಯಕ್ಕೆ ‘ನೊರೆಗಟ್ಟುವಂತೆ ಬಡಿಯಿರಿ’ ಬರೆದು, ‘ಮೊದಲು ನಿಧಾನ’ ಎಂದು ಸೇರಿಸಿದ್ದೇವೆ. ತುದಿ ಬಾಗುವ ಹಂತ, ತುದಿ ನಿಲ್ಲುವ ಹಂತ ಇವೆರಡಕ್ಕೆ ನಿಮ್ಮೂರಿನ ಬೇಕರಿಯವರು ಏನಂತಾರೆ, ಗೊತ್ತಿದ್ದವರು ಬರೆಯಿರಿ.