ರಜೆ ಅರ್ಜಿಯೋ, ರಾಜೀನಾಮೆಯೋ?

ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಾವು ನಾಲ್ವರು ದಿನವೂ ನಡೆಯುತ್ತೇವೆ ಎಂದು ನಮ್ಮ ಮನೆಗಳವರು ನಂಬಿದ್ದಾರೆ. ಮೊನ್ನೆಯಂತೂ ನಾಲ್ಕು ಹೆಜ್ಜೆಗೇ ಶಾರದಾ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟಳು.

"ರಾತ್ರಿ ಅವರಿಗೊಂದು ಮೆಸೇಜ್ ಕಳುಹಿಸಿದೆ. ಆಮೇಲೆ ಅಳಿಸಿದೆ. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಮಾತ್ರ ಅಲ್ಲಿಯೇ ಉಳಿಯಿತು. ಬೆಳಗಿನಿಂದ ನನ್ನ ಹಿಂದೆ ಹಿಂದೆ ಬಂದು ಏನು ಅಳಿಸಿದೆ, ಏನು ಅಳಿಸಿದೆ ಎಂದು ಕೇಳುತ್ತಿದ್ದಾರೆ."

"ಅಳಿಸಿದ್ದು ಏನು?" ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು.

"ನನ್ನ ಹಿಂದೆ ಹಿಂದೆ ಬರಬೇಡಿ ಎಂದು."

ಶಾರದಾಳ ಯಜಮಾನರು ಬ್ಯಾಂಕಿನಲ್ಲಿದ್ದವರು. 60 ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು ಹೊತ್ತು ಮನೆಗೆ ಬಂದವರು ಮರುದಿನದಿಂದ ಅಡುಗೆಮನೆಯ ಲೆಕ್ಕಪರಿಶೋಧನೆಗೆ ಇಳಿದರು. ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದರು. ಅರಿಶಿನ ಕೈಗೆಟುಕುವಲ್ಲಿ ಸಿಕ್ಕಿತು. ಸಾಸಿವೆ ಮಾತ್ರ 'ಸ'ಕಾರಕ್ಕೆ ಸೇರಿ ಮೇಲಿನ ಅಟ್ಟದ ಮೂಲೆಗೆ ಹೋಯಿತು. ಇಲ್ಲಿ ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿದ್ದರೆ ಶಾರದಾ ಅಲ್ಲಿ ಸ್ಟೂಲು ಹತ್ತಬೇಕು.

"ಮೆಸೇಜ್ ಏಕೆ? ಬಾಯಲ್ಲೇ ಹೇಳಬಾರದೆ?" ಎಂದಳು ವಿಮಲಾ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು, ಬಾಯಿಗೇನೂ ಬಡತನವಿಲ್ಲ.

"ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆ ಮುಖ ನೋಡಿ ನಾನು ಅಯ್ಯೋ, ಏನಿಲ್ಲ ಬಿಡಿ ಎನ್ನುತ್ತೇನೆ. ಬರೆದರೆ ಕೊನೆಯ ಸಾಲಿನವರೆಗೆ ಓದುತ್ತಾರೆ. ಬ್ಯಾಂಕಿನವರಲ್ಲವೇ, ಎರಡು ಸಲ ಓದುತ್ತಾರೆ."

ನಮ್ಮಲ್ಲಿ ಕಿರಿಯವಳಾದ ರಮ್ಯಾ ಮೊಬೈಲ್ ಇಸಿದುಕೊಂಡಳು. "ಹೇಳಿ ಶಾರದಾ ಆಂಟಿ, ನಾನು ಟೈಪ್ ಮಾಡುತ್ತೇನೆ."

"ರೀ, ನನಗೆ ಸ್ವಲ್ಪ ಸ್ಪೇಸ್ ಬೇಕು."

"ಅವರು ಟೇಪು ತಂದು ಕೋಣೆ ಅಳೆಯುತ್ತಾರೆ," ಎಂದೆ ನಾನು. ಹಾಗಾದರೆ 'ಅಂತರ' ಎಂದರೆ? ಕೊರೊನಾ ಕಾಲದ ಸಾಮಾಜಿಕ ಅಂತರ ನೆನಪಾಗಿ ಮಾಸ್ಕ್ ಹುಡುಕಿಯಾರು. ರಮ್ಯಾ 'ಏಕಾಂತ' ಎಂದು ಸೂಚಿಸಿದಳು. ವಿಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಗಂಡನಿಗೆ ಏಕಾಂತ ಬೇಕು ಎಂದು ಬರೆದರೆ ಅವರು ಕೆನ್ನೆ ನುಣ್ಣಗೆ ಬೋಳಿಸಿಕೊಂಡು, ಮಲ್ಲಿಗೆ ತೆಗೆದುಕೊಂಡು ಬರುತ್ತಾರಮ್ಮ!" 'ಬಿಡುವು' ಚೆನ್ನಾಗಿಯೇ ಇತ್ತು. ಆದರೆ ಅದರೊಳಗೆ 'ಬಿಡು' ಕುಳಿತಿದೆ, ನೊಂದ ಕಣ್ಣಿಗೆ ಮೊದಲು ಕಾಣುವುದು ಅದೇ. ಕೊನೆಗೆ ಹೆಸರೇ ಬೇಡ, ಬೇಕಾದದ್ದು ಏನೆಂದು ನೇರವಾಗಿ ಬರೆದರಾಯಿತು ಎಂದು ತೀರ್ಮಾನಿಸಿದೆವು.

"ಬೇಕಾದದ್ದು ಏನು?"

"ಸುಮ್ಮನೆ ಕೂರಬೇಕು. ಯಾರೂ ಏನೂ ಕೇಳಬಾರದು. ದಿನಕ್ಕೆ ಎರಡು ಗಂಟೆ."

"ಹಾಗೆ ಬರೆದರೆ ಸೋಮಾರಿ ಎಂದಾರು. ತಲೆನೋವು ಎಂದು ಬರೆ," ಎಂದಳು ವಿಮಲಾ.

"ಬರೆದೆನೆಂದುಕೋ. ಮುಲಾಮು ಹಿಡಿದುಕೊಂಡು ಎರಡು ಗಂಟೆಯೂ ತಲೆದಿಂಬಿನ ಬಳಿಯೇ ಕೂರುತ್ತಾರೆ!"

ಸುಳ್ಳು ನೆಪದ ತೊಂದರೆಯೇ ಇದು. ನೆಪಕ್ಕೆ ಪರಿಹಾರ ಸಿಗುತ್ತದೆ, ನಮಗೆ ಬೇಕಾದದ್ದು ಸಿಗುವುದಿಲ್ಲ. ಶಾರದಾ ತಾನೇ ಒಂದು ಸಾಲು ಹೇಳಿದಳು: "ನೀವು ಯಾವಾಗಲೂ ನನ್ನ ಬೆನ್ನ ಹಿಂದೆಯೇ ಇರುತ್ತೀರಿ." ರಮ್ಯಾ ಟೈಪ್ ಮಾಡಲೇ ಇಲ್ಲ. "ಯಾವಾಗಲೂ ಎಂದರೆ ಅಂಕಲ್ ವಾದಕ್ಕೆ ನಿಲ್ಲುತ್ತಾರೆ. ಮಂಗಳವಾರ ಹಾಲಿನ ಬೂತಿಗೆ ಹೋಗಿದ್ದೆ, ಗುರುವಾರ ಪಿಂಚಣಿ ಕೆಲಸಕ್ಕೆ ಹೋಗಿದ್ದೆ ಎಂದು ಪಟ್ಟಿ ಕೊಡುತ್ತಾರೆ. 'ನೀವು ಹೀಗೆ' ಎಂಬ ಸಾಲಿನ ಬದಲು 'ನನಗೆ ಹೀಗಾಗುತ್ತದೆ' ಎಂದು ಬರೆಯೋಣ. ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ."

"ಇಷ್ಟೆಲ್ಲ ಏಕೆ? ಮುಂದಿನ ಸಲ ಜಗಳವಾದಾಗ ಕಳುಹಿಸಿದರಾಯಿತು," ಎಂದೆ.

"ಅದು ಬೇರೆಯೇ ಬಿಡುವು ಆಂಟಿ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್ಮನ್ ದಂಪತಿಗಳನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದವರು. ಜಗಳದಲ್ಲಿ ಎದೆ ಹೊಡೆದುಕೊಳ್ಳುವಾಗ ಮಾತು ಕಿವಿಗೆ ಹೋಗುವುದಿಲ್ಲ, ಕನಿಷ್ಠ 20 ನಿಮಿಷ ನಿಲ್ಲಿಸಿ ಎನ್ನುತ್ತಾರೆ. ಅಲ್ಲಿ ಕೇಳುವುದು ನಿಮಿಷದ ಲೆಕ್ಕ, ಇಲ್ಲಿ ಕೇಳುತ್ತಿರುವುದು ದಿನಚರಿ. ಜಗಳದ ನಡುವೆ ಕೇಳಿದ ದಿನಚರಿ ಶಿಕ್ಷೆಯಂತೆ ಕೇಳಿಸುತ್ತದೆ."

ಆಗ ನನಗೊಂದು ಹೊಳೆಯಿತು. ಶಾರದಾಳ ಯಜಮಾನರು ಎಷ್ಟು ವರ್ಷ ರಜೆ ಅರ್ಜಿಗಳಿಗೆ ಸಹಿ ಹಾಕಿಲ್ಲ! ಗುಮಾಸ್ತ ರಜೆ ಕೇಳಿದನೆಂದು ಯಾವ ಮ್ಯಾನೇಜರೂ ಅತ್ತಿದ್ದಿಲ್ಲ. ಅರ್ಜಿಯಲ್ಲಿ ಎಂದಿನಿಂದ ಎಂದಿನವರೆಗೆ ಎಂದಿರುತ್ತದೆ, ಕೆಲಸಕ್ಕೆ ಮರಳುವ ದಿನವೂ ಇರುತ್ತದೆ. ಮರಳುವ ದಿನವಿಲ್ಲದ ಕಾಗದಕ್ಕೆ ರಾಜೀನಾಮೆ ಎಂದು ಹೆಸರು. ಶಾರದಾ ರಾತ್ರಿ ಕಳುಹಿಸಿದ್ದು ಅದನ್ನೇ.

"ಮರಳುವ ಮನಸ್ಸಿಲ್ಲದವಳು ಮಾತ್ರ ತಾರೀಕು ಹಾಕಬಾರದು. ಅದು ಫೋರ್ಜರಿ," ಎಂದಳು ವಿಮಲಾ. ಎಲ್ಲರೂ ಶಾರದಾಳ ಮುಖ ನೋಡಿದೆವು.

"ಥೂ, ಮರಳದೆ ಎಲ್ಲಿಗೆ ಹೋಗಲಿ? ಊಟಕ್ಕೆ ಅವರು ಎದುರಿಗಿಲ್ಲದಿದ್ದರೆ ನನಗೆ ಸಾರೇ ರುಚಿಸುವುದಿಲ್ಲ."

"ಅದನ್ನೂ ಬರೆಯಿರಿ!" ಎಂದಳು ರಮ್ಯಾ.

ಅವರನ್ನು ಆ ಹೊತ್ತಿನಲ್ಲಿ ಗ್ರಂಥಾಲಯಕ್ಕೆ ಕಳುಹಿಸೋಣ ಎಂಬ ನನ್ನ ಸಲಹೆ ಬಿದ್ದುಹೋಯಿತು. ಕೇಳುವವಳು ತಾನು ಎದ್ದು ಹೋಗಬೇಕೇ ಹೊರತು ಇದ್ದವರನ್ನು ಎಬ್ಬಿಸಬಾರದಂತೆ. ಹಾಗಾಗಿ ಮಹಡಿ ಕೋಣೆ ಶಾರದಾಳಿಗೆ ಎಂದು ನಿಶ್ಚಯವಾಯಿತು. ಅಳಿಸಿದ ಸಂದೇಶದ ಗುಟ್ಟನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳುವುದೆಂದಾಯಿತು. ಇಲ್ಲದಿದ್ದರೆ ಅವರು ಉಳಿದದ್ದನ್ನೆಲ್ಲ ಅದನ್ನು ಹುಡುಕುತ್ತಲೇ ಓದುತ್ತಾರೆ. ಕೊನೆಗೆ ಸಿದ್ಧವಾದದ್ದು ಇದು:

"ರೀ, ರಾತ್ರಿ ಅಳಿಸಿದ್ದು ಇದೇ ವಿಷಯ. ಸರಿಯಾಗಿ ಬರೆಯಲು ಬರಲಿಲ್ಲ. ಇಷ್ಟು ವರ್ಷ ಹಗಲೆಲ್ಲ ಒಬ್ಬಳೇ ಇದ್ದು ಅಭ್ಯಾಸವಾಗಿದೆ. ಸ್ವಲ್ಪ ಹೊತ್ತು ಮಾತಿಲ್ಲದೆ ಕೂರದಿದ್ದರೆ ನನಗೆ ಸಿಡಿಮಿಡಿಯಾಗುತ್ತದೆ. ನಿಮ್ಮ ಮೇಲೆ ಕೋಪವಿಲ್ಲ. ಇವತ್ತಿನಿಂದ ಹತ್ತರಿಂದ ಹನ್ನೆರಡರವರೆಗೆ ಮಹಡಿ ಕೋಣೆಯಲ್ಲಿರುತ್ತೇನೆ. ಹನ್ನೆರಡಕ್ಕೆ ಇಳಿದು ಬರುತ್ತೇನೆ, ಊಟ ಒಟ್ಟಿಗೇ. ನೀವು ಎದುರಿಗಿಲ್ಲದಿದ್ದರೆ ಸಾರು ರುಚಿಸುವುದಿಲ್ಲ. ಹದಿನೈದು ದಿನ ನೋಡೋಣ. ಹೊತ್ತು ಸರಿಹೋಗದಿದ್ದರೆ ಹೇಳಿ, ಬದಲಾಯಿಸೋಣ."

ಕಳುಹಿಸಿದ ತಕ್ಷಣ ವಿಮಲಾ 'ಸಿಡಿಮಿಡಿ' ಬೇಡವಿತ್ತೇನೋ ಎಂದಳು. ತಿದ್ದಲು 15 ನಿಮಿಷ ಅವಕಾಶವಿದೆ, ಆದರೆ ತಿದ್ದಿದ ಗುರುತು ಉಳಿಯುತ್ತದೆ ಎಂದು ರಮ್ಯಾ ಮೊಬೈಲನ್ನು ಕೊಡಲೇ ಇಲ್ಲ. ನೀಲಿ ಗೀಟುಗಳು ಬಂದವು. ಉತ್ತರ ಬರಲಿಲ್ಲ.

"'ಸರಿ' ಎಂದು ಬಂದರೆ?" ಎಂದು ಕೇಳಿದಳು ಶಾರದಾ.

"ಸರಿಯೆಂದರೆ ಸರಿಯೇ. 'ನಿನ್ನ ಇಷ್ಟ' ಎಂದು ಬಂದರೆ ಮಾತ್ರ ನೋವಾಗಿದೆ ಎಂದು ತಿಳಿ. ಆಗ ಇನ್ನೊಂದು ಮೆಸೇಜ್ ಬರೆಯಬೇಡ, ಎದ್ದು ಮನೆಗೆ ಹೋಗಿ ಪಕ್ಕದಲ್ಲಿ ಕುಳಿತುಕೋ. ಮಹಡಿ ನಾಳೆಯಾದರೂ ಅಲ್ಲೇ ಇರುತ್ತದೆ," ಎಂದಳು ವಿಮಲಾ.

ಬೆಳ್ಳಕ್ಕಿಯೊಂದು ನೀರಿನ ಮೇಲೆ ಹಾದು ಹೋಯಿತು. ನಾವು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ಕೊನೆಗೂ ಟಿಣ್ ಎಂದಿತು. ಶಾರದಾ ಗಟ್ಟಿಯಾಗಿ ಓದಿದಳು.

"ಮಂಜೂರಾಗಿದೆ. ಹತ್ತರಿಂದ ಹನ್ನೆರಡು, ಹದಿನೈದು ದಿನ. ಷರತ್ತು ಒಂದೇ: ಆ ಅವಧಿಯಲ್ಲಿ ಅಡುಗೆಮನೆಯ ಪ್ರಭಾರ ನನ್ನದು. ಬೇಳೆಗಳನ್ನು ಬಣ್ಣದ ಪ್ರಕಾರ ಮರುಜೋಡಿಸುವ ಯೋಚನೆ ಇದೆ."

ಶಾರದಾ ಗಡಿಯಾರ ನೋಡಿದಳು. ಎಂಟೂಕಾಲು. ಚಪ್ಪಲಿ ಮೆಟ್ಟಿ, ಒಂದು ಮಾತೂ ಆಡದೆ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಿಜವಾಗಿಯೂ ವೇಗವಾಗಿ ನಡೆದಳು.