ತುಟಿ ಮರಗಟ್ಟಿತು, ಹಲ್ಲು ಮರಗಟ್ಟಲಿಲ್ಲ: ಸಂದೇಶ ಗುಂಪಿನಲ್ಲಿ ದಂತವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೊಸ ಸದಸ್ಯೆ): ಕೆಳದವಡೆಯ ಹಲ್ಲಿನ ರೂಟ್ ಕೆನಾಲ್‌ಗೆ ಹೋಗಿದ್ದೆ. ಎರಡು ಬಾರಿ ಅರಿವಳಿಕೆ ಚುಚ್ಚಿದರು, ತುಟಿಯ ಅರ್ಧ ಭಾಗ ದಪ್ಪವಾದಂತಾಯಿತು. ಡ್ರಿಲ್ ತಾಗಿದ ಕೂಡಲೇ ಕಿರುಚಿದೆ. ಔಷಧ ಕಳಪೆಯದ್ದಾಗಿತ್ತೇ? ನನ್ನ ತೂಕ 50 ಕೆ.ಜಿ.

ದಂತವೈದ್ಯೆ: ತುಟಿ ಮರಗಟ್ಟಿದೆ ಎಂದಮೇಲೆ ಔಷಧವನ್ನು ಅನುಮಾನಿಸಲು ಕಾರಣವಿಲ್ಲ. ಈ ಔಷಧ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳುತ್ತೇನೆ. ನೋವಿನ ಸುದ್ದಿ ನರದುದ್ದಕ್ಕೂ ಸಾಗಬೇಕಾದರೆ ನರದ ಪೊರೆಯಲ್ಲಿರುವ ಸೋಡಿಯಂ ಚಾನೆಲ್‌ಗಳು ತೆರೆದು ಸೋಡಿಯಂ ಒಳನುಗ್ಗಬೇಕು. ಹಲ್ಲಿಗೆ ಕೊಡುವ ಅರಿವಳಿಕೆ ಮದ್ದಾದ ಲಿಡೊಕೇನ್ ಆ ಚಾನೆಲ್‌ಗಳನ್ನು ಮುಚ್ಚುತ್ತದೆ, ಆದರೆ ಹೊರಗಿನಿಂದಲ್ಲ, ನರದ ಒಳಗಿನಿಂದ. ಕೊಬ್ಬಿನ ಪೊರೆಯನ್ನು ದಾಟಬಲ್ಲದ್ದು ವಿದ್ಯುದಾವೇಶವಿಲ್ಲದ ಅಣು. ಒಳಗೆ ಸೇರಿದ ಮೇಲೆ ಅದು ಮತ್ತೆ ಆವೇಶ ಪಡೆದುಕೊಳ್ಳುತ್ತದೆ, ಚಾನೆಲ್‌ಗೆ ಮುಖ್ಯವಾಗಿ ಅಂಟಿಕೊಳ್ಳುವುದು ಆ ರೂಪವೇ. ಪಿಎಚ್ ಎಂದರೆ ಆಮ್ಲೀಯತೆಯ ಅಳತೆ, ಅದು ಇಳಿದಷ್ಟೂ ಆಮ್ಲ ಹೆಚ್ಚು. ಆರೋಗ್ಯವಂತ ಅಂಗಾಂಶದ ಪಿಎಚ್ 7.4ರಲ್ಲಿ ಲಿಡೊಕೇನ್‌ನ ನೂರು ಅಣುಗಳಲ್ಲಿ ಸುಮಾರು 24 ಆವೇಶವಿಲ್ಲದ ಸ್ಥಿತಿಯಲ್ಲಿರುತ್ತವೆ. ಕೀವು ತುಂಬಿ ಪಿಎಚ್ 6.4ಕ್ಕೆ ಇಳಿದ ಕಡೆ ಅವು ಸುಮಾರು 3 ಮಾತ್ರ ಉಳಿಯುತ್ತವೆ. ಹಾಗಾಗಿ ಬಾವಿನೊಳಕ್ಕೇ ಚುಚ್ಚಿದರೆ ಮದ್ದು ನರದ ಹೊರಗೇ ಕಾಯುತ್ತಾ ಕುಳಿತಿರುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ: ಹಾಗಾದರೆ ಉತ್ತರ ಸಿಕ್ಕಿತಲ್ಲ ಮೇಡಂ. ಸೋಂಕಿನಿಂದ ಆಮ್ಲೀಯತೆ ಹೆಚ್ಚಾಯಿತು, ಮದ್ದು ನಾಟಲಿಲ್ಲ. ನಮ್ಮ ತರಗತಿಯಲ್ಲೂ ಇಷ್ಟೇ ಹೇಳಿದ್ದಾರೆ.

ದಂತವೈದ್ಯೆ: ಅರ್ಧ ಮಾತ್ರ ಸಿಕ್ಕಿದೆ. ಇವರಿಗೆ ಸೂಜಿ ಹಾಕಿದ್ದು ಹಲ್ಲಿನ ಬುಡಕ್ಕಲ್ಲ. ದವಡೆಯ ಒಳಬದಿಯಲ್ಲಿ, ನರವು ಮೂಳೆಯೊಳಗೆ ಪ್ರವೇಶಿಸುವ ಜಾಗದ ಬಳಿ ಹಾಕುತ್ತಾರೆ. ಅಲ್ಲಿಯ ಅಂಗಾಂಶ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ, ಆಮ್ಲೀಯತೆ ಹಲ್ಲಿನ ಬಳಿ ಎಷ್ಟೇ ಇರಲಿ, ಅಷ್ಟು ದೂರ ತಲುಪುವುದಿಲ್ಲ. ಅದೇ ನರದ ಕವಲು ಹೋಗುವ ತುಟಿ ಮರಗಟ್ಟಿ ಹಲ್ಲು ಮಾತ್ರ ಎಚ್ಚರವಾಗಿದ್ದರೆ ಪಿಎಚ್ ಒಂದೇ ಕಾರಣವೆಂದು ಹೇಳಲಾಗದು.

ನಾನು ಹೆಚ್ಚು ಒಪ್ಪುವ ವಿವರಣೆ ಬೇರೆ. ಉರಿಯೂತಕ್ಕೆ ಒಳಗಾದ, ಹಲ್ಲಿನೊಳಗಿನ ತಿರುಳಿನ ನರತುದಿಗಳೇ ಬದಲಾಗುತ್ತವೆ. ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅವನ್ನು ಕೆರಳಿಸಿ, ಸಣ್ಣ ಪ್ರಚೋದನೆಗೂ ಸಿಡಿಯುವಂತೆ ಮಾಡುತ್ತವೆ. ಜೊತೆಗೆ ನ್ಯಾವ್ 1.8 ಎಂಬ ಬಗೆಯ ಸೋಡಿಯಂ ಚಾನೆಲ್‌ಗಳು ಹೆಚ್ಚುತ್ತವೆ, ಇವು ಲಿಡೊಕೇನ್‌ಗೆ ಉಳಿದವುಗಳಷ್ಟು ಸುಲಭವಾಗಿ ಮಣಿಯುವುದಿಲ್ಲ. ಆದರೆ ನರದ ಮೇಲ್ಭಾಗದಲ್ಲಿ ತಡೆ ಹಾಕಿರುವಾಗ ತುದಿಯ ಕೆರಳಿಕೆ ಹೇಗೆ ನುಸುಳಿಕೊಂಡು ಬರುತ್ತದೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ತುದಿಯ ಬದಲಾವಣೆ ನರದುದ್ದಕ್ಕೂ ಹರಡಿರಬಹುದು, ಬೇರೊಂದು ನರದಿಂದ ಹಲ್ಲಿಗೆ ಇನ್ನೊಂದು ಎಳೆ ಬಂದಿರಬಹುದು. ಇದು ಇತ್ಯರ್ಥವಾದ ವಿಷಯವಲ್ಲ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ತುಟಿ ದಪ್ಪವಾಯಿತು ಎಂದರೆ ಹಲ್ಲು ಸಿದ್ಧವಾಯಿತು ಎಂದಲ್ಲ. ಡ್ರಿಲ್ ಹಿಡಿಯುವ ಮೊದಲು ಆ ಹಲ್ಲಿನ ಮೇಲೆ ತಣ್ಣನೆಯ ಸ್ಪ್ರೇ ತಾಗಿಸಿದ ಹತ್ತಿಯನ್ನಿಟ್ಟು ಪರೀಕ್ಷಿಸಬೇಕು. ಚಳುಕು ಬಂದರೆ ಇನ್ನೂ ಮರಗಟ್ಟಿಲ್ಲ. ಮುಂದಿನ ಬಾರಿ ಈ ಪರೀಕ್ಷೆಯನ್ನು ಸಂಕೋಚವಿಲ್ಲದೆ ಕೇಳಿ.

ಹಿರಿಯ ಸದಸ್ಯರು: ಅಡುಗೆ ಸೋಡಾ ಬೆರೆಸಿದ ನೀರನ್ನು ಮೂರು ದಿನ ಕುಡಿದರೆ ದೇಹದ ಆಮ್ಲ ಇಳಿದು ಅರಿವಳಿಕೆ ಚೆನ್ನಾಗಿ ಹಿಡಿಯುತ್ತದೆ ಎಂದು ಒಂದು ಸಂದೇಶ ಬಂದಿದೆ. ಎಲ್ಲರಿಗೂ ತಿಳಿಯಲಿ ಎಂದು ಹಾಕುತ್ತಿದ್ದೇನೆ.

ದಂತವೈದ್ಯೆ: ದಯವಿಟ್ಟು ಹಾಕಬೇಡಿ ಸರ್. ಲಿಡೊಕೇನ್‌ಗೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸುವ ಪದ್ಧತಿ ಇರುವುದು ನಿಜ, ಅದು ಚುಚ್ಚುವ ಮುನ್ನ ವೈದ್ಯರು ಅಳತೆಯಿಟ್ಟು ಮಾಡುವ ಕೆಲಸ. ಕುಡಿದ ಸೋಡಾ ಹೊಟ್ಟೆಯ ಆಮ್ಲದೊಂದಿಗೆ ಕೂಡಿ ಮುಗಿದುಹೋಗುತ್ತದೆ, ರಕ್ತದ ಪಿಎಚ್ ಅನ್ನು ಶ್ವಾಸಕೋಶ, ಮೂತ್ರಪಿಂಡಗಳು ಬಿಗಿಯಾಗಿ ಕಾಯುತ್ತವೆ. ಹಲ್ಲಿನ ಬುಡದ ಕೀವಿಗೆ ಅದು ತಲುಪುವುದಿಲ್ಲ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರಿಗೆ ಆ ಸೋಡಿಯಂನಿಂದ ಹಾನಿ.

ಔಷಧ ಅಂಗಡಿ ನಡೆಸುವವರು: ನಾನು ಹೇಳುವುದು ಸರಳ. ಐದು ದಿನ ಆ್ಯಂಟಿಬಯಾಟಿಕ್ ತೆಗೆದುಕೊಂಡು ಹೋದರೆ ಅರಿವಳಿಕೆ ತಾನಾಗಿ ಹಿಡಿಯುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ: ಊತವಿಲ್ಲದ, ತಿರುಳು ಮಾತ್ರ ಉರಿಯುತ್ತಿರುವ ಹಲ್ಲಿಗೆ ಆ್ಯಂಟಿಬಯಾಟಿಕ್ ಏಕೆ? ನೀವು ಕೌಂಟರಿನಲ್ಲಿ ನಿಂತೇ ರೋಗ ನಿರ್ಧರಿಸುತ್ತೀರಾ?

ಔಷಧ ಅಂಗಡಿ ನಡೆಸುವವರು: ಇಪ್ಪತ್ತು ವರ್ಷದಿಂದ ನೋವಿನವರನ್ನು ನೋಡುತ್ತಿದ್ದೇನೆ. ನೀನಿನ್ನೂ ಪರೀಕ್ಷೆ ಬರೆಯುತ್ತಿದ್ದೀಯಮ್ಮ.

ನರ್ಸಿಂಗ್ ವಿದ್ಯಾರ್ಥಿನಿ: ವಯಸ್ಸು ಕೇಳಲಿಲ್ಲ ಸರ್, ಕಾರಣ ಕೇಳಿದೆ.

ದಂತವೈದ್ಯೆ: ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾಗಿದೆ. ಮುಖ ಊದಿ ಜ್ವರ ಬಂದು ಸೋಂಕು ಹರಡುತ್ತಿದ್ದರೆ ಆ್ಯಂಟಿಬಯಾಟಿಕ್‌ಗೆ ಜಾಗವಿದೆ, ಆಗಲೂ ಮುಖ್ಯ ಕೆಲಸ ಕೀವನ್ನು ಹೊರಬಿಡುವುದು. ಹೊರಗೆ ಹರಡದ, ತಿರುಳಿನೊಳಗಿನ ಉರಿಯೂತವನ್ನು ಆ ಮಾತ್ರೆ ಇಳಿಸುವುದಿಲ್ಲ.

ಮತ್ತೊಬ್ಬ ಸದಸ್ಯ: ಚುಚ್ಚಿದ ಒಂದೇ ನಿಮಿಷಕ್ಕೆ ನನ್ನ ಎದೆ ಬಡಿದುಕೊಂಡಿತು, ಕೈ ನಡುಗಿತು. ಅಲರ್ಜಿ ಇರಬೇಕು. ಅಡ್ರಿನಲಿನ್ ಇಲ್ಲದ್ದನ್ನೇ ಕೊಡಿ ಎಂದು ಎಲ್ಲರೂ ಕೇಳಬಾರದೇಕೆ?

ದಂತವೈದ್ಯೆ: ನೀವು ಹೇಳಿದ ಲಕ್ಷಣಗಳು ಅಡ್ರಿನಲಿನ್‌ನದ್ದಿರಬಹುದು, ಗಾಬರಿಯದ್ದೂ ಇರಬಹುದು, ಕೆಲವೇ ನಿಮಿಷಗಳಲ್ಲಿ ಇಳಿಯುತ್ತವೆ. ಮೈಯೆಲ್ಲ ದದ್ದು, ಮುಖದ ಊತ, ಉಸಿರಾಟದ ಸುಯ್‌ಗುಟ್ಟುವಿಕೆ ಬಂದಿದ್ದರೆ ಮಾತು ಬೇರೆ.

ಅಡ್ರಿನಲಿನ್ ಸೇರಿಸುವುದು ಅಲಂಕಾರಕ್ಕಲ್ಲ. ಲಿಡೊಕೇನ್ ತಾನೇ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಉರಿಯೂತದ ಜಾಗದಲ್ಲಿ ಅವು ಮೊದಲೇ ಹಿಗ್ಗಿರುತ್ತವೆ. ಹೀಗಾಗಿ ಮದ್ದು ರಕ್ತದೊಂದಿಗೆ ಹರಿದುಹೋಗುತ್ತದೆ. ಅಡ್ರಿನಲಿನ್ ನಾಳಗಳನ್ನು ಕುಗ್ಗಿಸಿ ಮದ್ದನ್ನು ಅಲ್ಲೇ ನಿಲ್ಲಿಸುತ್ತದೆ. ಬರಿಯ ಲಿಡೊಕೇನ್‌ನಿಂದ ತಿರುಳು ಸುಮಾರು 5ರಿಂದ 10 ನಿಮಿಷ ಮಾತ್ರ ಮರಗಟ್ಟಿದರೆ, ಅಡ್ರಿನಲಿನ್ ಜೊತೆಗೆ ಸುಮಾರು ಒಂದು ಗಂಟೆ ಸಿಗುತ್ತದೆ. ಮದ್ದು ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ವಿಷದ ಅಪಾಯವೂ ಕಡಿಮೆ. ಆದರೆ ಅದಕ್ಕೊಂದು ಬೆಲೆಯಿದೆ: ಅಡ್ರಿನಲಿನ್ ಕೆಡದಂತೆ ಆ ದ್ರಾವಣವನ್ನು ಹೆಚ್ಚು ಆಮ್ಲೀಯವಾಗಿಡುತ್ತಾರೆ, ಚುಚ್ಚುವಾಗಿನ ಉರಿಗೆ ಅದೂ ಕಾರಣ.

ಮೊದಲು ಪ್ರಶ್ನೆ ಕೇಳಿದವರ ಲೆಕ್ಕ ನೋಡಿ. 1.8 ಮಿ.ಲೀ.ನ, ಕಾರ್ಟ್ರಿಜ್ ಎಂಬ ಎರಡು ಮದ್ದಿನ ಕೊಳವೆ, ಶೇ. 2ರ ಲಿಡೊಕೇನ್, 1:80,000 ಅಡ್ರಿನಲಿನ್ ಎಂದು ಇಟ್ಟುಕೊಂಡರೆ 72 ಮಿ.ಗ್ರಾಂ. ಲಿಡೊಕೇನ್, 45 ಮೈಕ್ರೊಗ್ರಾಂ ಅಡ್ರಿನಲಿನ್ ಆಗುತ್ತದೆ. ಅಡ್ರಿನಲಿನ್ ಜೊತೆಗಿನ ಲಿಡೊಕೇನ್‌ಗೆ ಪ್ರತಿ ಕೆ.ಜಿ.ಗೆ 7 ಮಿ.ಗ್ರಾಂ. ಮಿತಿಯಂತೆ 50 ಕೆ.ಜಿ.ಯವರಿಗೆ ಮೇರೆ 350. ಆದ್ದರಿಂದ ಆರೋಗ್ಯವಂತರಿಗೆ ಇನ್ನೊಂದು ಕಾರ್ಟ್ರಿಜ್‌ಗೆ ಅಂಜಬೇಕಿಲ್ಲ. ತೀವ್ರ ಹೃದ್ರೋಗಿಗಳಿಗೆ ಅಡ್ರಿನಲಿನ್ನಿನ ಮಿತಿ 40 ಮೈಕ್ರೊಗ್ರಾಂ ಎಂದು ಪಾಲಿಸುತ್ತೇವೆ, ಅಂಥವರಲ್ಲಿ ಈ ಎರಡು ಕಾರ್ಟ್ರಿಜ್‌ಗೇ ಆ ಮಿತಿ ದಾಟಿದಂತಾಯಿತು. ರಕ್ತದೊತ್ತಡ, ಹೃದಯಬಡಿತಕ್ಕೆ ಕೊಡುವ ಪ್ರೊಪ್ರನಲಾಲ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಲೇಬೇಕು.

ಇನ್ನೊಬ್ಬ ಸದಸ್ಯೆ: ನನಗೂ ಎದೆ ಬಡಿದುಕೊಳ್ಳುತ್ತದೆ. ಇದು ಅಲರ್ಜಿಯೇ ಮೇಡಂ?

ದಂತವೈದ್ಯೆ: ಮೇಲಿನ ಉತ್ತರ ಓದಿ.

ಮಗದೊಬ್ಬ ಸದಸ್ಯ: ಆರು ವರ್ಷದ ಮಗುವಿಗೆ ಎಷ್ಟು ಕೊಡಬಹುದು?

ಹಿರಿಯ ಸದಸ್ಯರು: ಆಸ್ಪಿರಿನ್ ಮಾತ್ರೆಯನ್ನು ನೋವಿನ ಹಲ್ಲಿನ ಪಕ್ಕ ಒಸಡಿಗೆ ಒತ್ತಿಟ್ಟರೆ ಚುಚ್ಚುಮದ್ದೇ ಬೇಡ ಎಂದು ಇನ್ನೊಂದು ಸಂದೇಶ ಬಂದಿದೆ.

ದಂತವೈದ್ಯೆ: ಸರ್, ಒಮ್ಮೆ ಹೇಳಿದೆ. ಹಾಗಿಟ್ಟ ಆಸ್ಪಿರಿನ್ ಒಸಡನ್ನು ಸುಡುತ್ತದೆ, ಬಿಳಿ ಪೊರೆ ಕಿತ್ತುಬರುವ ಗಾಯದೊಂದಿಗೆ ಬಂದವರಿಗೆ ನಾನೇ ಚಿಕಿತ್ಸೆ ಮಾಡಿದ್ದೇನೆ. ಬಂದ ಸಂದೇಶವನ್ನು ನೋಡದೆ ಮುಂದೂಡುವುದನ್ನು ನಿಲ್ಲಿಸಿ.

ಹಿರಿಯ ಸದಸ್ಯರು: ತಿಳಿಯಲೆಂದು ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಪ್ರಶ್ನೆ ಕೇಳಿದ್ದ ಸದಸ್ಯೆ: ಮತ್ತೆ ಹೋಗಿಬಂದೆ. ತಣ್ಣನೆಯ ಹತ್ತಿ ಇಟ್ಟು ನೋಡಿ ಎಂದೆ, ತುಟಿ ಮರಗಟ್ಟಿದ್ದರೂ ಹಲ್ಲಿಗೆ ಚಳುಕು ಬಂತು. ಆಮೇಲೆ ಹಲ್ಲಿನ ಪಕ್ಕದ ಮೂಳೆಯೊಳಕ್ಕೆ ಸ್ವಲ್ಪ ಔಷಧ ಬಿಟ್ಟರು. ಎದೆ ಒಂದೆರಡು ನಿಮಿಷ ಬಡಿದುಕೊಂಡಿತು, ಹಲ್ಲು ಸುಮ್ಮನಾಯಿತು. ಬೇರಿನ ಒಂದು ಕಾಲುವೆಯಲ್ಲಿ ಮಾತ್ರ ಒಮ್ಮೆ ಚುಚ್ಚಿದಂತಾಯಿತು.

ದಂತವೈದ್ಯೆ: ಮೂಳೆಯೊಳಗೆ ಹಾಕಿದ್ದು ರಕ್ತಕ್ಕೆ ಬೇಗ ಸೇರುತ್ತದೆ, ಎದೆ ಬಡಿತ ಅದರದ್ದೇ. ಆ ಕಾಲುವೆಯಲ್ಲಿ ಜೀವಂತ ತಿರುಳು ಉಳಿದಿತ್ತೆಂದು ಕಾಣುತ್ತದೆ. ನೋವು ಮರುಕಳಿಸಿದರೆ ಒಂದೆರಡು ದಿನ ಕಾಯಬಹುದು. ಬಾಯಿ ತೆರೆಯಲಾಗದಿದ್ದರೆ, ನಾಲಿಗೆಯ ಕೆಳಗೆ ಊದಿಕೊಂಡು ನುಂಗಲು ಕಷ್ಟವಾದರೆ ಮಾತ್ರ ಗುಂಪಿನಲ್ಲಿ ಬರೆಯಬೇಡಿ, ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.