ಸಹಾಯ ಬೇಕು: ಬಾಗಿದ ವೆಚ್ಚದ ರೇಖೆಯನ್ನು ತುಂಡು ಮಾಡಿದರೆ ಉತ್ತರ ಮೂಲೆಗೇ ಹೋಗಿ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ಎರಡು ಯಂತ್ರಗಳಿಂದ ಒಟ್ಟು 10 ಘಟಕ ತಯಾರಿಸಬೇಕು. ಮೊದಲನೆಯದರ ವೆಚ್ಚ `x^2`, ಎರಡನೆಯದರದ್ದು `2*y^2`. ನನ್ನ ಹತ್ತಿರ ಇರುವುದು ಲೀನಿಯರ್ ಪ್ರೋಗ್ರಾಂ ಸಾಲ್ವರ್ ಮಾತ್ರ. ಹಾಗಾಗಿ ಎರಡೂ ರೇಖೆಗಳನ್ನು 2 ಘಟಕ ಅಗಲದ ನೇರ ತುಂಡುಗಳಾಗಿ ಮಾಡಿದೆ. `x`ಗೆ ಹೀಗೆ:

```
x = s1 + s2 + s3 + s4 + s5
0 <= sk <= 2
cost_x = 2*s1 + 6*s2 + 10*s3 + 14*s4 + 18*s5
```

ಇಳಿಜಾರು ಏರುತ್ತಲೇ ಹೋಗುವುದರಿಂದ ಅಗ್ಗದ ತುಂಡು ತಾನಾಗಿಯೇ ಮೊದಲು ತುಂಬುತ್ತದೆ. ಬೈನರಿ ಚರಗಳು ಬೇಕಾಗಲಿಲ್ಲ, ಅದು ತುಂಬಾ ಹಿಡಿಸಿತು. `y`ಗೆ ಇಳಿಜಾರುಗಳು 4, 12, 20, ಹೀಗೆ.

ತೊಂದರೆ ಇಲ್ಲಿದೆ. ಸಾಲ್ವರ್ `x=6, y=4` ಕೊಡುತ್ತದೆ, ವೆಚ್ಚ 68. ಕೈಯಲ್ಲಿ ಲೆಕ್ಕ ಹಾಕಿದರೆ ನಿಜವಾದ ಉತ್ತರ `x=6.67, y=3.33`, ವೆಚ್ಚ ಸುಮಾರು 66.67. ವೆಚ್ಚದಲ್ಲಿ ವ್ಯತ್ಯಾಸ ಶೇ. 2 ಅಷ್ಟೇ, ಅದನ್ನು ಸಹಿಸಬಹುದು. ಆದರೆ ಬೇಡಿಕೆ ನಿರ್ಬಂಧದ ನೆರಳು ಬೆಲೆ ನನಗೆ ಮುಖ್ಯ. ಅದು 13.33 ಇರಬೇಕಿತ್ತು. ಈ ಮೂಲೆಯಲ್ಲಿ 12ರಿಂದ 14ರವರೆಗೆ ಯಾವುದಾದರೂ ಸರಿಯೇ ಅಲ್ವಾ, ಸಾಲ್ವರ್ ಅದರಲ್ಲಿ ಒಂದನ್ನು ಹಿಡಿದು ಕೊಡುತ್ತದೆ.

ತುಂಡುಗಳನ್ನು ಎಲ್ಲ ಕಡೆ ಸಣ್ಣದು ಮಾಡಿದರೆ ಚರಗಳು ಜಾಸ್ತಿಯಾಗುತ್ತವೆ. ಅದರ ಬದಲು ಉತ್ತರ ಬಿದ್ದ ಜಾಗದಲ್ಲಿ ಮಾತ್ರ ಸ್ಪರ್ಶರೇಖೆ ಸೇರಿಸಿ, ಅಂದರೆ `z >= 12*x - 36` ತರಹ, ಮತ್ತೆ ಮತ್ತೆ ಬಿಡಿಸಬಹುದೇ? ಇಲ್ಲಿ `z` ಅಂದರೆ ಮೊದಲ ಯಂತ್ರದ ವೆಚ್ಚ. ಸ್ಪರ್ಶರೇಖೆ ವೆಚ್ಚವನ್ನು ಕೆಳಗಿನಿಂದ ಹಿಡಿಯುತ್ತದೆ, ನನ್ನ ತುಂಡುಗಳು ಮೇಲಿನಿಂದ. ಈ ಎರಡರ ಅಂತರ ನೋಡಿ ನಿಲ್ಲಿಸಿದರೆ ನೆರಳು ಬೆಲೆಯೂ ನೆಲೆಗೆ ಬರುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.